ಮೂರು ಸಲ ತಪ್ಪಿದ ತಾರೀಖು ಮತ್ತು ಮಾಲೀಕರಿಗೆ ಹೋಗುವ ಒಂದು ಮೇಲ್

ಪೀಣ್ಯದ ಒಂದು ಸಣ್ಣ ಪಂಪ್ ಕಾರ್ಖಾನೆಯನ್ನು ಊಹಿಸಿಕೊಳ್ಳಿ. ಅವರು ಪಂಪಿನ ಹೊರಕವಚವಾದ ಎರಕಹೊಯ್ದ ಕಬ್ಬಿಣದ ಕೇಸಿಂಗನ್ನು ಬೆಳಗಾವಿಯ ಉದ್ಯಮಬಾಗ್ ಕಡೆಯ ಒಂದು ಫೌಂಡ್ರಿಯಿಂದ ತರಿಸುತ್ತಾರೆ. ಏಪ್ರಿಲ್ 30ರಂದು 300 ಕೇಸಿಂಗಿಗೆ ಪಿ.ಒ. ಹೋಗಿದೆ. ಜೂನ್ 5ಕ್ಕೆ ಎಲ್ಲವೂ ಬರಬೇಕಿತ್ತು, ಬರಲಿಲ್ಲ. ಫೋನ್ ಮಾಡಿದಾಗ ಡಿಸ್ಪ್ಯಾಚ್ ನೋಡಿಕೊಳ್ಳುವವರು ಜೂನ್ 16 ಎಂದರು. 16ಕ್ಕೂ ಬರಲಿಲ್ಲ. 19ಕ್ಕೆ 60 ಕೇಸಿಂಗ್ ಬಂದವು, ಉಳಿದದ್ದು 27ಕ್ಕೆ ಎಂಬ ಮಾತೂ ಬಂತು. 27 ದಾಟಿತು. ಜೂನ್ 30ರಂದು ವಾಟ್ಸಾಪ್‌ನಲ್ಲಿ ಬಂದ ಉತ್ತರ: ‘ಮುಂದಿನ ವಾರ ಖಂಡಿತ ಸರ್.’

ಈ ಕತೆ ಊಹೆಯದು. ಆದರೆ ಖರೀದಿ ವಿಭಾಗದಲ್ಲಿ ಕೂತವರಿಗೆ ಇದರ ಒಂದೊಂದು ಸಾಲೂ ಪರಿಚಿತ. ಇಂಥ ಹೊತ್ತಿನಲ್ಲಿ, ದಿನವೂ ಮಾತಾಡುವ ವ್ಯಕ್ತಿಯನ್ನು ದಾಟಿ ಅವರ ಮೇಲಿನವರಿಗೆ ವಿಷಯ ಮುಟ್ಟಿಸುವ ಪತ್ರವನ್ನು ಎಸ್ಕಲೇಷನ್ ಮೇಲ್ ಎನ್ನುತ್ತಾರೆ. ಹೆಚ್ಚಿನವರು ಅದನ್ನು ಸಿಟ್ಟಿನ ಭರದಲ್ಲಿ ಬರೆಯುತ್ತಾರೆ, ಇಲ್ಲವೇ ಸಂಬಂಧ ಕೆಟ್ಟೀತೆಂಬ ಅಳುಕಿನಿಂದ ಇನ್ನೊಂದು ವಿನಂತಿಯ ಹಾಗೆ ಬರೆಯುತ್ತಾರೆ. ಎರಡರಿಂದಲೂ ಮಾಲು ಬರುವುದಿಲ್ಲ. ಗಟ್ಟಿತನ ದನಿಯಿಂದ ಬರುವಂಥದ್ದಲ್ಲ. ಲೆಕ್ಕ ಸರಿಯಾಗಿರಬೇಕು, ಕೇಳುವುದು ಖಚಿತವಾಗಿರಬೇಕು, ಮುಂದೆ ಮಾಡುತ್ತೇವೆ ಎಂದು ಹೇಳಿದ್ದನ್ನು ಮಾಡುವ ತಯಾರಿ ಇರಬೇಕು. ಹಾಗಾಗಿ ಈ ಮೇಲ್‌ನ ಅರ್ಧಕ್ಕಿಂತ ಹೆಚ್ಚು ಕೆಲಸ ಕಂಪ್ಯೂಟರ್ ಮುಂದೆ ಕೂರುವ ಮೊದಲೇ ಮುಗಿಯುತ್ತದೆ.

ಮೊದಲ ಕೆಲಸ ನಮ್ಮ ಕಡೆಯ ಪುಸ್ತಕ ತೆಗೆದು ನೋಡುವುದು. ಫೌಂಡ್ರಿಗೆ ನಾವು ಏನಾದರೂ ಕೊಡುವುದು ಬಾಕಿ ಇದೆಯೇ? ಡ್ರಾಯಿಂಗ್ ನಡುವೆ ಬದಲಾಯಿತೇ? ಸ್ಯಾಂಪಲ್‌ಗೆ ಒಪ್ಪಿಗೆ ಕೊಡಲು ನಾವೇ ಹತ್ತು ದಿನ ತೆಗೆದುಕೊಂಡೆವೇ? ನಮ್ಮ ಪೀಣ್ಯದ ಕಾರ್ಖಾನೆ ಹುಡುಕಿದಾಗ, ಹಿಂದಿನ ಆರ್ಡರಿನ 1,15,000 ರೂಪಾಯಿಯ ಬಿಲ್ 52 ದಿನದಿಂದ ಕೂತಿರುವುದು ಕಂಡಿತು ಎಂದಿಟ್ಟುಕೊಳ್ಳೋಣ. ಇದು ಸಣ್ಣ ವಿಷಯವಲ್ಲ. ಮಾರುವವರು ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿ ನೋಂದಾಯಿಸಿಕೊಂಡಿದ್ದರೆ, 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಮಾಲು ಒಪ್ಪಿಕೊಂಡ 45 ದಿನದೊಳಗೆ ಹಣ ಕೊಡಲೇಬೇಕು. ಬರವಣಿಗೆಯಲ್ಲಿ ಅವಧಿ ಗೊತ್ತುಮಾಡಿಕೊಳ್ಳದಿದ್ದರೆ 15 ದಿನವೇ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನಮ್ಮ ಬಿಲ್ ಬಾಕಿ ಇಟ್ಟುಕೊಂಡು ತಡದ ಬಗ್ಗೆ ಮಾಲೀಕರಿಗೆ ಬರೆದರೆ, ಮರುದಿನ ಬರುವ ಉತ್ತರದಲ್ಲಿ ಕೇಸಿಂಗಿನ ಮಾತೇ ಇರುವುದಿಲ್ಲ, ಬಾಕಿಯ ಮಾತಷ್ಟೇ ಇರುತ್ತದೆ. ಆದ್ದರಿಂದ ಬೆಳಿಗ್ಗೆ ಆ ಹಣ ಕಳಿಸಿ, ಯುಟಿಆರ್ ಸಂಖ್ಯೆ ಕೈಯಲ್ಲಿಟ್ಟುಕೊಂಡು, ಮಧ್ಯಾಹ್ನ ಮೇಲ್ ಬರೆಯುವುದು ಸರಿ.

ಎರಡನೆಯದು ನಮಗೆ ನಿಜಕ್ಕೂ ಯಾವ ತಾರೀಖಿಗೆ ಬೇಕು ಎಂಬ ಲೆಕ್ಕ. ‘ತುರ್ತಾಗಿ ಬೇಕು’ ಎಂದು ಎಲ್ಲ ಗಿರಾಕಿಗಳೂ ಬರೆಯುತ್ತಾರೆ, ಹಾಗಾಗಿ ಫೌಂಡ್ರಿಯವರು ಅದನ್ನು ಓದುವುದನ್ನೇ ಬಿಟ್ಟಿರುತ್ತಾರೆ. ಲೆಕ್ಕವನ್ನು ಕೊನೆಯಿಂದ ಹಿಂದಕ್ಕೆ ಹಾಕಬೇಕು. ನಮ್ಮ ಗಿರಾಕಿಗೆ 300 ಪಂಪ್ ಜುಲೈ 31ಕ್ಕೆ ಹೊರಡಬೇಕು. ಬಂದ 60 ಕೇಸಿಂಗಿನ ಮೆಷಿನಿಂಗ್ ಮುಗಿದಿದೆ, 240 ಬಾಕಿ. ದಿನಕ್ಕೆ 20ರಂತೆ ಮೆಷಿನಿಂಗಿಗೆ 12 ಕೆಲಸದ ದಿನ. ಕೊನೆಯ ಕಂತಿನ ಜೋಡಣೆ, ನೀರಿನ ಒತ್ತಡದ ಪರೀಕ್ಷೆ, ಬಣ್ಣಕ್ಕೆ ಇನ್ನು 4 ದಿನ. ಭಾನುವಾರಗಳನ್ನು ಬಿಟ್ಟು ಎಣಿಸಿದರೆ ಜುಲೈ 14ರ ಸೋಮವಾರ ಮೊದಲ ಕೇಸಿಂಗ್ ಮೆಷಿನ್ ಮೇಲೆ ಕೂರಲೇಬೇಕು.

ಈ ಲೆಕ್ಕ ಹಾಕಿದಾಗ ಇನ್ನೊಂದು ಸಂಗತಿ ಹೊರಬೀಳುತ್ತದೆ. ನಮಗೆ 240 ಕೇಸಿಂಗ್ ಒಂದೇ ದಿನ ಬೇಕಾಗಿಯೇ ಇಲ್ಲ. 80ರಂತೆ ಮೂರು ಕಂತಿನಲ್ಲಿ ಬಂದರೂ ಮೆಷಿನ್ ನಿಲ್ಲುವುದಿಲ್ಲ: ಮೊದಲನೆಯದು 12ರೊಳಗೆ, ಎರಡನೆಯದು 17ರ ಸಂಜೆಯೊಳಗೆ, ಮೂರನೆಯದು 22ರ ಸಂಜೆಯೊಳಗೆ. ಬೆಳಗಾವಿಯ ಲಾರಿ ಒಂದು ದಿನ ತಡವಾಗಬಹುದು, ಒಂದೆರಡು ಕೇಸಿಂಗ್ ತಿರಸ್ಕೃತವಾಗಬಹುದು ಎಂದು ಎರಡು ಮೂರು ದಿನ ಮುಂಚಿತವಾಗಿ ಜುಲೈ 10, 15, 19 ಎಂದು ಕೇಳಬಹುದು. ಫೌಂಡ್ರಿಗೆ 240ನ್ನು ಒಟ್ಟಿಗೆ ಕೇಳುವುದಕ್ಕೂ, ಹತ್ತು ದಿನದಲ್ಲಿ 80 ಕೇಳುವುದಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದಕ್ಕೆ ಅವರು ಸುಳ್ಳು ತಾರೀಖು ಕೊಡುತ್ತಾರೆ, ಎರಡನೆಯದಕ್ಕೆ ಮೋಲ್ಡಿಂಗ್ ಲೈನಿನಲ್ಲಿ ಜಾಗ ಹುಡುಕುತ್ತಾರೆ.

ಮೂರನೆಯ ಲೆಕ್ಕವನ್ನು ತುಂಬ ಜನ ಮಾಡುವುದೇ ಇಲ್ಲ. ದಂಡದ ಹಣ ಎಷ್ಟು ಎಂಬುದು. ನಮ್ಮ ಪಿ.ಒ.ದಲ್ಲಿ ವಾರಕ್ಕೆ ಶೇಕಡ ಅರ್ಧದಷ್ಟು, ಹೆಚ್ಚೆಂದರೆ ಶೇಕಡ 5ರಷ್ಟು ಕಡಿತ ಎಂಬ ಷರತ್ತು ಇದೆ ಎನ್ನೋಣ. ಕೇಸಿಂಗ್ 14 ಕಿಲೋ, ಕಿಲೋಗೆ 110 ರೂಪಾಯಿಯಂತೆ ಒಂದಕ್ಕೆ 1,540 ರೂಪಾಯಿ. 240ಕ್ಕೆ 3,69,600. ವಾರದ ಕಡಿತ ಸುಮಾರು 1,850 ರೂಪಾಯಿ. ಅದೇ ಷರತ್ತು ನಮ್ಮ ಗಿರಾಕಿಯ ಆರ್ಡರಿನಲ್ಲಿಯೂ ಇದ್ದು, ಪಂಪ್ ಒಂದಕ್ಕೆ 18,000ದಂತೆ 300 ಪಂಪಿನ ಬೆಲೆ 54 ಲಕ್ಷವಾದರೆ, ನಾವು ವಾರಕ್ಕೆ 27,000 ಕಳೆದುಕೊಳ್ಳುತ್ತೇವೆ. ಅಂದರೆ ಫೌಂಡ್ರಿಯ ಪಾಲಿಗೆ ತಡ ಮಾಡುವುದು ಅಗ್ಗ, ನಮಗೆ ದುಬಾರಿ. ‘ದಂಡ ಹಾಕುತ್ತೇವೆ’ ಎಂದು ದಪ್ಪ ಅಕ್ಷರದಲ್ಲಿ ಬರೆದರೆ ಅವರು ಹೆದರಬೇಕಾದ ಕಾರಣವೇ ಇಲ್ಲ. ಭಾರತೀಯ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ, ಕರಾರಿನಲ್ಲಿ ಇಂತಿಷ್ಟು ಎಂದು ಬರೆದುಕೊಂಡ ಮೇಲೆ ಪರಿಹಾರ ಆ ಮೊತ್ತವನ್ನು ಮೀರುವಂತಿಲ್ಲ. 27,000ವನ್ನು ಅವರ ತಲೆಗೆ ಕಟ್ಟುವೆವೆಂದು ಬರೆಯುವುದು ಬರಿಯ ಬೆದರಿಕೆ. ವಕೀಲರ ಪರಿಚಯ ಇರುವ ಯಾವ ಮಾಲೀಕರಿಗೂ ಅದು ಗೊತ್ತಾಗುತ್ತದೆ.

ಹಾಗಿದ್ದರೆ ಫೌಂಡ್ರಿಯನ್ನು ಅಲುಗಿಸುವುದು ಯಾವುದು? ಪ್ಯಾಟರ್ನ್. ಮರಳಿನಲ್ಲಿ ಅಚ್ಚು ಮೂಡಿಸಲು ಬಳಸುವ ಮರದ ಅಥವಾ ಲೋಹದ ಮಾದರಿ ಅದು. ಸಾಮಾನ್ಯವಾಗಿ ಅದರ ಖರ್ಚು ಕೊಟ್ಟಿರುವುದು ಗಿರಾಕಿ, ಇಟ್ಟುಕೊಂಡಿರುವುದು ಫೌಂಡ್ರಿ. ಪ್ಯಾಟರ್ನ್ ಹೊರಟಿತೆಂದರೆ ಮುಂದಿನ ವರ್ಷಗಳ ಆರ್ಡರೂ ಹೊರಟಂತೆ, ಇದು ಮಾಲೀಕರಿಗೆ ಗೊತ್ತು. ಆದರೆ ಇದಕ್ಕೂ ಮಿತಿ ಇದೆ. ಹೊಸ ಫೌಂಡ್ರಿಯಲ್ಲಿ ಪ್ಯಾಟರ್ನನ್ನು ಅವರ ಮೋಲ್ಡಿಂಗ್ ಬಾಕ್ಸಿಗೆ ಹೊಂದಿಸಬೇಕು, ಲೋಹ ಹರಿಯುವ ದಾರಿಯನ್ನು ಸರಿಮಾಡಬೇಕು, ಸ್ಯಾಂಪಲ್ ಹೊಯ್ದು, ಮೆಷಿನ್ ಮಾಡಿ, ಒಳಗೆ ಗಾಳಿಗುಳ್ಳೆ ಇದೆಯೇ ಎಂದು ನೋಡಬೇಕು. ಇದಕ್ಕೆಲ್ಲ ಮೂರು ವಾರವಾದರೂ ಬೇಕು. ಆದ್ದರಿಂದ ಜುಲೈ 1ರಂದು ‘ನಾಳೆಯೇ ಪ್ಯಾಟರ್ನ್ ಎತ್ತುತ್ತೇವೆ’ ಎಂದರೆ ಜುಲೈ 31ರ ಪಂಪ್ ಉಳಿಯುವುದಿಲ್ಲ, ಫೌಂಡ್ರಿಗೂ ಅದು ಗೊತ್ತು. ಈ ಆರ್ಡರನ್ನು ಉಳಿಸುವ ಹೆಜ್ಜೆ ಬೇರೆ, ಮುಂದಿನ ಆರ್ಡರಿನ ಬಗೆಗಿನ ನಿರ್ಧಾರ ಬೇರೆ. ಮೇಲ್‌ನಲ್ಲಿ ಎರಡನ್ನೂ ಬೇರೆ ಬೇರೆಯಾಗಿಯೇ ಹೇಳಬೇಕು.

ಇನ್ನು ಫೌಂಡ್ರಿಯೊಳಗೆ ನಮ್ಮ ಕೆಲಸ ಎಲ್ಲಿ ನಿಂತಿದೆ ಎಂದು ತಿಳಿಯುವ ಬಗೆ. ಒಂದು ಕೇಸಿಂಗ್ ಲಾರಿ ಹತ್ತುವ ಮೊದಲು ಕೋರ್ ಮಾಡುವುದು, ಮೋಲ್ಡಿಂಗ್, ಹೊಯ್ಯುವುದು, ಮರಳು ಕೊಡವಿ ತಣಿಸುವುದು, ಹೆಚ್ಚುವರಿ ಅಂಚುಗಳನ್ನು ಉಜ್ಜಿ ತೆಗೆಯುವ ಫೆಟ್ಲಿಂಗ್, ಶಾಟ್ ಬ್ಲಾಸ್ಟಿಂಗ್, ತಪಾಸಣೆ ಎಲ್ಲವನ್ನೂ ದಾಟಬೇಕು. ತಡಕ್ಕೆ ಕಾರಣ ದೊಡ್ಡ ಗಿರಾಕಿಯೊಬ್ಬರು ಮೋಲ್ಡಿಂಗ್ ಲೈನನ್ನು ಹಿಡಿದಿಟ್ಟಿರುವುದಾಗಿರಬಹುದು, ಕೋರ್ ಬಾಕ್ಸ್ ಸವೆದಿರಬಹುದು, ಫೆಟ್ಲಿಂಗ್ ಕೆಲಸದವರು ಊರಿಗೆ ಹೋಗಿರಬಹುದು. ‘ಮುಂದಿನ ವಾರ’ ಎಂಬ ಉತ್ತರದಲ್ಲಿ ಇದು ಯಾವುದೂ ಕಾಣುವುದಿಲ್ಲ. ‘ಇವತ್ತಿಗೆ ಎಷ್ಟು ಹೊಯ್ದಾಗಿದೆ, ಎಷ್ಟು ಫೆಟ್ಲಿಂಗ್ ಆಗಿದೆ, ಎಷ್ಟು ಕಳಿಸಲು ಸಿದ್ಧ?’ ಎಂದು ಕೇಳಿದರೆ ಕಾಣುತ್ತದೆ. ಹೊಯ್ದದ್ದು ಸೊನ್ನೆ ಎಂದಾದರೆ ಮುಂದಿನ ವಾರದ ಮಾತು ಸುಳ್ಳು. 90 ಹೊಯ್ದು ಫೆಟ್ಲಿಂಗಿಗೆ ನಿಂತಿವೆ ಎಂದಾದರೆ ದಾರಿ ಇದೆ: ಹಾಗೆಯೇ ಕಳಿಸಿಕೊಡಿ, ಪೀಣ್ಯದಲ್ಲಿಯೇ ಫೆಟ್ಲಿಂಗ್ ಮಾಡಿಸಿಕೊಳ್ಳುತ್ತೇವೆ ಎನ್ನಬಹುದು. ತಡವನ್ನು ನಿಜವಾಗಿ ಕಡಿಮೆ ಮಾಡುವುದು ಇಂಥ ಪ್ರಶ್ನೆಯೇ ಹೊರತು ಎಚ್ಚರಿಕೆಯಲ್ಲ.

ಕಾನೂನಿನಿಂದ ಈ ಮೇಲ್‌ಗೆ ಬರಲೇಬೇಕಾದದ್ದು ಒಂದೇ ವಾಕ್ಯ, ಅದನ್ನು ಬಿಟ್ಟವರು ಕೈ ಕಡಿದುಕೊಂಡಂತೆ. 1872ರ ಕರಾರು ಕಾಯ್ದೆಯ 55ನೇ ಕಲಂ ಹೀಗೆ ಹೇಳುತ್ತದೆ: ಸಮಯವೇ ಮುಖ್ಯವಾದ ಕರಾರಿನಲ್ಲಿ ಒಬ್ಬರು ತಾರೀಖು ತಪ್ಪಿದ ಮೇಲೆ, ಇನ್ನೊಬ್ಬರು ತಡವಾಗಿ ಬಂದದ್ದನ್ನು ತೆಗೆದುಕೊಂಡರೆ, ಆ ತಡಕ್ಕೆ ಪರಿಹಾರ ಕೇಳುವಂತಿಲ್ಲ. ತೆಗೆದುಕೊಳ್ಳುವ ಹೊತ್ತಿಗೇ ‘ಪರಿಹಾರ ಕೇಳುವ ಉದ್ದೇಶ ನಮಗಿದೆ’ ಎಂದು ತಿಳಿಸಿದ್ದರೆ ಮಾತ್ರ ಕೇಳಬಹುದು. ಜೂನ್ 19ರಂದು 60 ಕೇಸಿಂಗನ್ನು ಸುಮ್ಮನೆ ಇಳಿಸಿಕೊಂಡಿದ್ದರೆ, ಆ 60ರ ಮಟ್ಟಿಗೆ ನಮ್ಮ ವಾದ ದುರ್ಬಲವಾಗಿದೆ. ಉಳಿದ 240ಕ್ಕೆ ಹಾಗಾಗಬಾರದು. ಮೇಲ್‌ನಲ್ಲಿ ಒಮ್ಮೆ ಬರೆದು, ಪ್ರತಿ ಕಂತು ಇಳಿಸಿಕೊಂಡ ದಿನವೂ ಅದೇ ಮಾತನ್ನು ಒಂದು ಸಾಲಿನ ಮೇಲ್‌ನಲ್ಲಿ ತಿಳಿಸಬೇಕು. ಫೋನಿನಲ್ಲಿ ಹೇಳಿದ್ದನ್ನು ಆಮೇಲೆ ತೋರಿಸಲು ಆಗುವುದಿಲ್ಲ.

ಯಾರಿಗೆ ಕಳಿಸುವುದು? ಇಷ್ಟು ದಿನ ಮಾತಾಡಿದ ಡಿಸ್ಪ್ಯಾಚಿನವರಿಗೆ ಮೋಲ್ಡಿಂಗ್ ಲೈನನ್ನು ಬದಲಾಯಿಸುವ ಅಧಿಕಾರ ಇಲ್ಲ. ಆ ಅಧಿಕಾರ ಇರುವುದು ಮಾಲೀಕರಿಗೆ ಅಥವಾ ಉತ್ಪಾದನೆಯ ಮುಖ್ಯಸ್ಥರಿಗೆ. ಅವರಿಗೆ ನೇರವಾಗಿ, ಡಿಸ್ಪ್ಯಾಚಿನವರಿಗೆ ಮತ್ತು ನಮ್ಮ ಮ್ಯಾನೇಜರಿಗೆ ಪ್ರತಿ. ಕಳಿಸುವ ಮೊದಲು ಡಿಸ್ಪ್ಯಾಚಿನವರಿಗೆ ಒಂದು ಫೋನ್ ಮಾಡಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ: ‘ಸರ್, ಮೂರು ತಾರೀಖು ಹೋಯ್ತು. ಇವತ್ತು ನಿಮ್ಮ ಮಾಲೀಕರಿಗೂ ಸೇರಿಸಿ ಮೇಲ್ ಹಾಕ್ತಾ ಇದ್ದೀನಿ. ನಿಮ್ಮ ಮೇಲೆ ದೂರಲ್ಲ, ಲೈನ್ ಕೊಡಿಸೋದು ಅವರ ಕೈಲೇ ಇದೆ.’ ಬೆನ್ನ ಹಿಂದೆ ದೂರಿದರೆಂಬ ನೋವು ಅವರಿಗೆ ಉಳಿಯಬಾರದು. ನಾಳೆ ಲಾರಿಗೆ ಮಾಲು ತುಂಬಿಸುವವರು ಅವರೇ.

ಇಷ್ಟಾದ ಮೇಲೆ ಮೇಲ್ ತಾನಾಗಿ ಬರುತ್ತದೆ.

> ವಿಷಯ: ಪಿ.ಒ. 417 – 240 ಕೇಸಿಂಗ್ ಬಾಕಿ – ಜುಲೈ 2, ಸಂಜೆ 5ರೊಳಗೆ ನಿಮ್ಮ ಉತ್ತರ ಬೇಕು
>
> ಮಾನ್ಯರೇ,
>
> ಏಪ್ರಿಲ್ 30ರ ಪಿ.ಒ. 417ರ 300 ಕೇಸಿಂಗ್‌ಗಳಲ್ಲಿ 240 ಇನ್ನೂ ಬಂದಿಲ್ಲ. ಜುಲೈ 10ರೊಳಗೆ ಮೊದಲ 80 ಬಾರದಿದ್ದರೆ ನಮ್ಮ ಮೆಷಿನಿಂಗ್ ನಿಲ್ಲುತ್ತದೆ. ಈ ವಿಷಯದಲ್ಲಿ ನಿಮ್ಮ ನಿರ್ಧಾರ ಅಗತ್ಯವಾದ್ದರಿಂದ ನೇರವಾಗಿ ತಮಗೆ ಬರೆಯುತ್ತಿದ್ದೇನೆ.
>
> ಇದುವರೆಗೆ ಆದದ್ದು:
> ಜೂನ್ 5 – ಪಿ.ಒ. ತಾರೀಖು. ಮಾಲು ಬಂದಿಲ್ಲ.
> ಜೂನ್ 16 – ಫೋನಿನಲ್ಲಿ ಕೊಟ್ಟ ತಾರೀಖು. ಬಂದಿಲ್ಲ. 19ಕ್ಕೆ 60 ಬಂದವು.
> ಜೂನ್ 27 – ಉಳಿದ 240ಕ್ಕೆ ಕೊಟ್ಟ ತಾರೀಖು. ಬಂದಿಲ್ಲ.
> ಜೂನ್ 30 – ‘ಮುಂದಿನ ವಾರ’ ಎಂದು ವಾಟ್ಸಾಪ್ ಉತ್ತರ.
>
> ಹಿಂದಿನ ಆರ್ಡರಿನ ಬಾಕಿ 1,15,000 ರೂಪಾಯಿಯನ್ನು ಇಂದು ಬೆಳಿಗ್ಗೆ ಪಾವತಿಸಿದ್ದೇವೆ. ಯುಟಿಆರ್ ವಿವರ ಲಗತ್ತಿಸಿದೆ. ನಮ್ಮ ಕಡೆಯಿಂದ ಬೇರೆ ಏನಾದರೂ ಬಾಕಿ ಇದ್ದರೆ ದಯವಿಟ್ಟು ತಿಳಿಸಿ.
>
> ಜುಲೈ 2, ಸಂಜೆ 5ರೊಳಗೆ ಎರಡು ಮಾಹಿತಿ ಬೇಕು. ಒಂದು, ಇಂದಿಗೆ ಮೋಲ್ಡಿಂಗ್, ಹೊಯ್ದದ್ದು, ಫೆಟ್ಲಿಂಗ್ ಆದದ್ದು, ಕಳಿಸಲು ಸಿದ್ಧವಿರುವುದು ಎಷ್ಟೆಷ್ಟು. ಎರಡು, ಜುಲೈ 10, 15, 19ಕ್ಕೆ 80ರಂತೆ ನಮ್ಮಲ್ಲಿಗೆ ತಲುಪಿಸಲು ಒಪ್ಪಿಗೆ. ಈ ತಾರೀಖು ಸಾಧ್ಯವಿಲ್ಲದಿದ್ದರೆ ಸಾಧ್ಯವಿರುವ ಸಂಖ್ಯೆ ಮತ್ತು ತಾರೀಖನ್ನೇ ಬರೆಯಿರಿ.
>
> ಫೆಟ್ಲಿಂಗಿಗೆ ಕಾಯುತ್ತಿರುವ ಕಾಸ್ಟಿಂಗ್‌ಗಳಿದ್ದರೆ ಹಾಗೆಯೇ ತೆಗೆದುಕೊಳ್ಳಲು ಸಿದ್ಧ. ದರದ ವ್ಯತ್ಯಾಸವನ್ನು ಮಾತಾಡಿಕೊಳ್ಳೋಣ. ಜುಲೈ 3ರಂದು ನಮ್ಮ ಇಂಜಿನಿಯರ್ ನಿಮ್ಮಲ್ಲಿಗೆ ಬರುತ್ತಾರೆ.
>
> ತಡವಾಗಿ ಬರುವ ಮಾಲನ್ನು ನಾವು ಸ್ವೀಕರಿಸುವುದು ಅವಧಿ ವಿಸ್ತರಣೆ ಎಂದು ಅರ್ಥವಲ್ಲ. ಪಿ.ಒ.ದ ತಡದ ಷರತ್ತಿನಂತೆ ಪರಿಹಾರ ಕೇಳುವ ಉದ್ದೇಶವನ್ನು ಈ ಮೂಲಕ ತಿಳಿಸುತ್ತಿದ್ದೇವೆ.
>
> ಜುಲೈ 10ರ ಕಂತು ಬಾರದಿದ್ದರೆ, ಈ ಆರ್ಡರ್ ಮುಗಿದ ಕೂಡಲೇ ನಮ್ಮ ಪ್ಯಾಟರ್ನ್ ಮತ್ತು ಕೋರ್ ಬಾಕ್ಸನ್ನು ಹಿಂದಕ್ಕೆ ಪಡೆದು ಮುಂದಿನ ಆರ್ಡರನ್ನು ಬೇರೆಡೆ ಕೊಡಬೇಕಾಗುತ್ತದೆ. ನಿಮ್ಮ ಕಾಸ್ಟಿಂಗಿನ ಗುಣಮಟ್ಟ ನಮಗೆ ತೃಪ್ತಿ ತಂದಿದೆ. ನಿಮ್ಮಲ್ಲಿಯೇ ಮುಂದುವರಿಯುವುದು ನಮ್ಮ ಇಚ್ಛೆ.
>
> ನಾಳೆ ಬೆಳಿಗ್ಗೆ 11ಕ್ಕೆ ಫೋನ್ ಮಾಡುತ್ತೇನೆ.
>
> ವಂದನೆಗಳೊಂದಿಗೆ,
> ಖರೀದಿ ವಿಭಾಗ

ಇದರಲ್ಲಿ ಆರೋಪದ ಪದ ಒಂದೂ ಇಲ್ಲ. ‘ನೀವು ಯಾವಾಗಲೂ ಹೀಗೇ’, ‘ಬೇಜವಾಬ್ದಾರಿ’, ‘ನಂಬಿಕೆದ್ರೋಹ’ ಇಂಥವು ಬಂದಿದ್ದರೆ ಮಾಲೀಕರು ಅವಕ್ಕೆ ಉತ್ತರ ಕೊಡುತ್ತಿದ್ದರು. ನಾಲ್ಕು ತಾರೀಖಿನ ಪಟ್ಟಿಗೆ ಮಾಲೇ ಉತ್ತರ. ವಿಷಯದ ಸಾಲಿನಲ್ಲಿಯೇ ಸಂಖ್ಯೆಯೂ ಗಡುವೂ ಇರುವುದರಿಂದ, ಮೇಲ್ ತೆರೆಯದೆ ಮೊಬೈಲಿನಲ್ಲಿ ಕಣ್ಣಾಡಿಸುವವರಿಗೂ ವಿಷಯ ಮುಟ್ಟುತ್ತದೆ. ಕೊನೆಯಲ್ಲಿ ಬಂದ ಗುಣಮಟ್ಟದ ಮಾತು ನಿಜವಾಗಿದ್ದರೆ ಮಾತ್ರ ಬರೆಯಬೇಕು. ಬಂದ 60ರಲ್ಲಿ ದೋಷವಿದ್ದರೆ ಅದಕ್ಕೆ ಬೇರೆಯೇ ಮೇಲ್ ಬೇಕು. ಎರಡು ದೂರು ಒಂದೇ ಪತ್ರದಲ್ಲಿ ಸೇರಿದರೆ ಸುಲಭವಾದದ್ದಕ್ಕೆ ಉತ್ತರ ಬರುತ್ತದೆ, ಕಷ್ಟದ್ದು ಹಾಗೇ ಉಳಿಯುತ್ತದೆ.

ಉತ್ತರ ಬಂದಾಗ ಅದನ್ನು ಓದುವುದರಲ್ಲಿಯೂ ಎಚ್ಚರ ಬೇಕು. ‘10, 15, 19 ಓಕೆ’ ಎಂದು ಎರಡು ನಿಮಿಷದಲ್ಲಿ ಬಂದು, ಹೊಯ್ದದ್ದು ಎಷ್ಟೆಂಬ ಲೆಕ್ಕ ಇಲ್ಲದಿದ್ದರೆ ಅದನ್ನು ನಂಬಿ ಗಿರಾಕಿಗೆ ಮಾತು ಕೊಡಬಾರದು. 3ನೇ ತಾರೀಖು ಹೋಗುವ ಇಂಜಿನಿಯರ್ ಕಣ್ಣಾರೆ ಎಣಿಸಿ ಬರಲಿ. ‘ಲೈನ್ ತುಂಬಿದೆ, 10ಕ್ಕೆ 50 ಮಾತ್ರ ಆಗುತ್ತದೆ, 16ಕ್ಕೆ 100’ ಎಂಬ ಉತ್ತರ ಕೇಳಲು ಚೆನ್ನಾಗಿರದಿದ್ದರೂ ಅದೇ ಒಳ್ಳೆಯ ಉತ್ತರ. ಅದರ ಮೇಲೆ ನಮ್ಮ ಮೆಷಿನ್ ಶಾಪಿನ ಯೋಜನೆಯನ್ನು ಕೂರಿಸಬಹುದು. ಬೇಕಾದರೆ ಒಂದು ವಾರ ರಾತ್ರಿ ಪಾಳಿ ಹಾಕಿ ನಡುವಿನ ಕೊರತೆಯನ್ನು ತುಂಬಬಹುದು. ಉತ್ತರವೇ ಬರದಿದ್ದರೆ ಹೇಳಿದ ಹಾಗೆ 11ಕ್ಕೆ ಫೋನ್, 3ಕ್ಕೆ ಭೇಟಿ. ಇದರ ಜೊತೆಗೆ ನಮ್ಮ ಗಿರಾಕಿಗೆ ಅದೇ ವಾರ ನಿಜಸ್ಥಿತಿಯನ್ನು ತಿಳಿಸಬೇಕು. ನಾವು ಫೌಂಡ್ರಿಯಿಂದ ಬಯಸುವ ಪ್ರಾಮಾಣಿಕತೆಯನ್ನೇ ಅವರು ನಮ್ಮಿಂದ ಬಯಸುತ್ತಾರೆ.

ಜುಲೈ 10ರ ಕಂತು ಬಾರದೇ ಹೋದರೆ ಮಾತಿನಂತೆ ನಡೆಯಬೇಕು. ಹಾಗೆಂದು ಅದೇ ದಿನ ಪ್ಯಾಟರ್ನ್ ಎತ್ತುವುದಲ್ಲ, ಎತ್ತಿದರೆ ಉಳಿದ ಕೇಸಿಂಗೂ ನಿಲ್ಲುತ್ತವೆ. ಬೇರೆ ಫೌಂಡ್ರಿಯ ದರಪಟ್ಟಿ ತರಿಸಿ, ಪ್ಯಾಟರ್ನ್ ನಮ್ಮದೆಂದು ತೋರಿಸುವ ಬಿಲ್ ಹುಡುಕಿಟ್ಟು, ಈ ಆರ್ಡರಿನ ಕೊನೆಯ ಕೇಸಿಂಗ್ ಲಾರಿ ಹತ್ತಿದ ದಿನ ಪ್ಯಾಟರ್ನನ್ನೂ ಅದೇ ಲಾರಿಗೆ ಹತ್ತಿಸಬೇಕು. ಹೇಳಿದ್ದನ್ನು ಮಾಡದ ಖರೀದಿದಾರರ ಮುಂದಿನ ಮೇಲ್‌ಗೆ ಯಾರೂ ಬೆಲೆ ಕೊಡುವುದಿಲ್ಲ.

ಈ ತೊಂದರೆಯ ಬೇರು ಮೇಲ್‌ನಲ್ಲಿಲ್ಲ, ಪಿ.ಒ.ದಲ್ಲಿದೆ. 73ನೇ ಕಲಂ ಪ್ರಕಾರ ತಡದಿಂದ ಸಹಜವಾಗಿ ಆಗುವ ನಷ್ಟಕ್ಕೆ, ಅಥವಾ ಕರಾರು ಮಾಡಿಕೊಳ್ಳುವಾಗಲೇ ಇಬ್ಬರಿಗೂ ಗೊತ್ತಿದ್ದ ನಷ್ಟಕ್ಕೆ ಪರಿಹಾರ ಸಿಗುತ್ತದೆ. ಮೂರು ತಾರೀಖು ತಪ್ಪಿದ ಮೇಲೆ ‘ನಮ್ಮ ಗಿರಾಕಿ ದಂಡ ಹಾಕುತ್ತಾರೆ’ ಎಂದು ತಿಳಿಸಿದರೆ ತಡವಾಯಿತು. ಮುಂದಿನ ಪಿ.ಒ. ಬರೆಯುವಾಗ ನಾಲ್ಕು ಸಾಲು ಹೆಚ್ಚು ಬರೆಯಿರಿ: ಈ ಮಾಲು ಯಾವ ತಾರೀಖಿನ ಆರ್ಡರಿಗೆ, ತಡವಾದರೆ ನಮಗೆ ಆಗುವ ನಷ್ಟ ಏನು, ಸಮಯವೇ ಈ ಕರಾರಿನ ಮುಖ್ಯ ಷರತ್ತು, ಕಂತುಗಳು ಯಾವ ಯಾವ ದಿನ. ತಡದ ಕಡಿತದ ದರವನ್ನೂ ನಿಮ್ಮ ನಿಜವಾದ ನಷ್ಟ ನೋಡಿಕೊಂಡು ಗೊತ್ತುಮಾಡಿ. ಹಳೆಯ ಪಿ.ಒ.ದಿಂದ ಆ ಸಾಲನ್ನು ನಕಲು ಮಾಡಬೇಡಿ.